ಗಂಟೆಗೆ ಐನೂರು ಜಾಸ್ತಿಯಾ?

"ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಗಣಿತವೇ ಕಷ್ಟ. ಮನೆಗೆ ಬರುವ ಸರ್ ಗಂಟೆಗೆ 500 ಕೇಳ್ತಾರೆ, ವಾರಕ್ಕೆ ಮೂರು ಗಂಟೆ. ಕೋಚಿಂಗ್ ಕ್ಲಾಸಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರಕ್ಕೂ ವರ್ಷಕ್ಕೆ 30,000. ಎಂಟನೇ ಕ್ಲಾಸಿನ ಮಗನಿಗೆ ಎಲ್ಲ ವಿಷಯ ಹೇಳಿಕೊಡಲು ಒಬ್ಬ ಹುಡುಗಿ ತಿಂಗಳಿಗೆ 3,000 ಅಂದಿದ್ದಾಳೆ, ಬ್ಯಾಚಿಗೆ ಹಾಕಿದರೆ 900. ಯಾವುದು ಲಾಭ?"
– ಒಬ್ಬ ತಾಯಿ, ವಿನೋಬನಗರ, ಶಿವಮೊಗ್ಗ

ಮೇಡಂ, ಮೊದಲು ಎಲ್ಲವನ್ನೂ ಗಂಟೆಯ ಲೆಕ್ಕಕ್ಕೆ ತನ್ನಿ. ಕ್ಲಾಸು ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ ಅಂದುಕೊಳ್ಳೋಣ. ಜುಲೈ ಮಳೆಯ ರಜೆ, ದಸರಾ, ಪರೀಕ್ಷೆ ಎಲ್ಲ ಕಳೆದು 32 ವಾರ ನಡೆದರೆ 288 ಗಂಟೆ. ಗಂಟೆಗೆ ನೂರು ರೂಪಾಯಿ ಚಿಲ್ಲರೆ ಬೀಳುತ್ತದೆ. ಅದರಲ್ಲಿ ಗಣಿತದ ಪಾಲು 96 ಗಂಟೆ, 10,000 ರೂಪಾಯಿ. ಮನೆಗೆ ಬರುವ ಸರ್ ಅಷ್ಟೇ 32 ವಾರ ಬಂದರೂ 96 ಗಂಟೆಯೇ, ಆದರೆ 48,000. ಹೆಚ್ಚುಕಮ್ಮಿ ಐದು ಪಟ್ಟು.

ಹಾಗಂತ ಸರ್ ದುಬಾರಿ ಅಂತ ಬೇಸರ ಮಾಡಿಕೊಳ್ಳಬೇಡಿ. ಅವರು ಮನೆಯಲ್ಲೇ ಹದಿನೈದು ಮಕ್ಕಳ ಬ್ಯಾಚ್ ಮಾಡಿ, ತಲೆಗೆ ತಿಂಗಳಿಗೆ ಸಾವಿರ ತೆಗೆದುಕೊಂಡು, ಹನ್ನೆರಡು ಗಂಟೆ ಪಾಠ ಮಾಡಿದರೆ ಗಂಟೆಗೆ 1,250 ಸಿಗುತ್ತದೆ. ಅದನ್ನು ಬಿಟ್ಟು, ಗೋಪಾಳದಿಂದಲೋ ದುರ್ಗಿಗುಡಿಯಿಂದಲೋ ಮಳೆಯಲ್ಲಿ ಬೈಕ್ ಓಡಿಸಿಕೊಂಡು ಬರಬೇಕು. ಪಿಯು ಗಣಿತ, ಫಿಸಿಕ್ಸ್ ಹೇಳಿಕೊಡಬಲ್ಲವರು ಕಡಿಮೆ, ಅವರಿಗೆ ಬ್ಯಾಚ್ ತುಂಬುವುದು ಸುಲಭ. ಅದಕ್ಕೇ ಆ ರೇಟು. ಎಂಟನೇ ಕ್ಲಾಸಿಗಾದರೆ ಬಿ.ಎಡ್., ಎಂ.ಎಸ್ಸಿ. ಓದುವ ಮಕ್ಕಳೂ ಸಿಗುತ್ತಾರೆ, ಆದ್ದರಿಂದ ರೇಟು ಇಳಿಯುತ್ತದೆ. ನಿಮ್ಮ 3,000 ಕೂಡ ತಿಂಗಳಿಗೆ ಇಪ್ಪತ್ತು ಗಂಟೆ ಪಾಠ ನಡೆದರೆ ಗಂಟೆಗೆ 150 ಅಷ್ಟೇ.

ಇನ್ನು ಬ್ಯಾಚಿನ ಕಡೆ ನೋಡಿ. ಒಂದೂವರೆ ಗಂಟೆಯನ್ನು ಇಪ್ಪತ್ತೈದು ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಮೂರೂವರೆ ನಿಮಿಷ. ಹೊಸ ಪಾಠ ಕೇಳುವುದಕ್ಕೆ ಅದು ತೊಂದರೆಯಲ್ಲ. ಬೋರ್ಡಿನ ಮೇಲಿನ ಪಾಠ ಒಬ್ಬರಿಗೂ ಇಪ್ಪತ್ತೈದು ಜನಕ್ಕೂ ಒಂದೇ. ತಪ್ಪು ಎಲ್ಲಿ ಆಗುತ್ತಿದೆ ಅಂತ ಹುಡುಕುವುದಕ್ಕೆ ಮಾತ್ರ ಆ ಸಮಯ ಸಾಲದು.

ಒಂದು ಉದಾಹರಣೆ. ಸೆಕೆಂಡ್ ಪಿಯುಸಿಯಲ್ಲಿ ತುಂಬಾ ಮಕ್ಕಳು ಇಂಟಿಗ್ರೇಷನ್‌ನಲ್ಲಿ ನಿಲ್ಲುತ್ತಾರೆ. ∫ sin²x dx ಕೊಟ್ಟು ನೋಡಿ. ಇಂಟಿಗ್ರೇಷನ್ ಸೂತ್ರಗಳೆಲ್ಲ ಬಾಯಿಪಾಠ ಇದ್ದರೂ ಕೆಲವರು ಮುಂದೆ ಹೋಗುವುದಿಲ್ಲ. ಯಾಕೆಂದರೆ ಅಲ್ಲಿ ಬೇಕಾದ್ದು sin²x = (1 − cos 2x)/2. ಅದು ಫಸ್ಟ್ ಪಿಯುಸಿಯ ಟ್ರಿಗ್ನಾಮೆಟ್ರಿ. ಬ್ಯಾಚಿನಲ್ಲಿ ಇಂಟಿಗ್ರೇಷನ್ ಪಾಠವನ್ನು ಇನ್ನೊಮ್ಮೆ ಕೇಳಿದರೂ ಹಳೇ ತೂತು ಹಾಗೇ ಇರುತ್ತದೆ. ಪಕ್ಕದಲ್ಲಿ ಕೂತು ಅವಳು ಬರೆಯುವುದನ್ನು ನೋಡಿದವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಗಂಟೆಗೆ 500 ಕೊಡುವುದು ಈ ಕೆಲಸಕ್ಕೆ. ಅದಕ್ಕೆ 96 ಗಂಟೆ ಬೇಡ.

ನಾನಾದರೆ ಹೀಗೆ ಮಾಡುತ್ತಿದ್ದೆ. ಮೂರು ವಿಷಯದಲ್ಲೂ ಕಾಲೇಜಿನ ಪಾಠ ಸಾಲದು ಅನ್ನುವುದಾದರೆ ಕೋಚಿಂಗ್‌ಗೆ ಸೇರಿಸಿ, ಸರ್ ಹತ್ತಿರ 20 ಗಂಟೆ ಮಾತ್ರ ಕೇಳುತ್ತಿದ್ದೆ. ಟ್ರಿಗ್ನಾಮೆಟ್ರಿ ತಿದ್ದಿ, ಡಿಫರೆನ್ಸಿಯೇಷನ್ ನೋಡಿ, ಇಂಟಿಗ್ರೇಷನ್‌ಗೆ ಬರಲು ಅಷ್ಟು ಸಾಕಾಗಬಹುದು. 30,000 ಮತ್ತು 10,000, ಒಟ್ಟು 40,000. ಗಣಿತ ಒಂದಕ್ಕೇ ಕೊಡಬೇಕಿದ್ದ 48,000ಕ್ಕಿಂತ ಕಡಿಮೆ. ಆದರೆ ಜಿಎಸ್‌ಟಿ ಸೇರಿದೆಯಾ ಅಂತ ಕ್ಲಾಸಿನವರನ್ನು ಮೊದಲೇ ಕೇಳಿ. ಕೋಚಿಂಗ್‌ಗೆ ಶೇಕಡಾ 18 ಇದೆ, ಬೇರೆಯಾಗಿ ಹಾಕಿದರೆ 30,000 ಹೋಗಿ 35,400 ಆಗುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಮೇಷ್ಟ್ರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಹಾಗಾಗಿ ನಿಮ್ಮ ಸರ್ ಹೇಳಿದ 500ಕ್ಕೆ ಅದು ಸೇರುವ ಸಂಭವ ಕಡಿಮೆ. ಫಿಸಿಕ್ಸ್, ಕೆಮಿಸ್ಟ್ರಿ ಅವಳೇ ಓದಿಕೊಳ್ಳುತ್ತಾಳೆ ಅಂದರೆ ಮೂರರ ಪ್ಯಾಕೇಜೇ ಬೇಡ. ಗಣಿತಕ್ಕೆ ಮಾತ್ರ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿ. ಗೆಳತಿಯೊಬ್ಬಳನ್ನು ಜೊತೆಗೆ ಕೂರಿಸಿಕೊಂಡರೆ ಸರ್ ಸ್ವಲ್ಪ ಜಾಸ್ತಿ ಕೇಳಬಹುದು, ಆದರೂ ಇಬ್ಬರಿಗೆ ಹಂಚಿದಾಗ ಅರ್ಧದ ಹತ್ತಿರ ಇಳಿಯುತ್ತದೆ.

ಮಗನ ವಿಷಯ ಬೇರೆ. "ಎಲ್ಲ ವಿಷಯ" ಅಂತ ಬರುವವರು ಹೆಚ್ಚಾಗಿ ಹೋಂವರ್ಕ್ ಮಾಡಿಸಿ ಹೋಗುತ್ತಾರೆ. ಅದಕ್ಕೆ 900ರ ಬ್ಯಾಚೇ ಸಾಕು. ಗಣಿತ ಒಂದರಲ್ಲೇ ಹಿಂದಿದ್ದರೆ ಆ ಹುಡುಗಿಯನ್ನೇ ವಾರಕ್ಕೆ ಎರಡು ದಿನ ಗಣಿತಕ್ಕೆ ಮಾತ್ರ ಬರಲು ಹೇಳಿ. 150ರ ಲೆಕ್ಕದಲ್ಲಿ ತಿಂಗಳಿಗೆ 1,200 ಆಗುತ್ತದೆ. ಅಂದಹಾಗೆ, ಒಂದರಿಂದ ಎಂಟನೇ ಕ್ಲಾಸಿನವರೆಗೆ ಕಲಿಸುವ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಹೇಳುತ್ತದೆ. ಅವನ ಶಾಲೆಯ ಮೇಷ್ಟ್ರನ್ನೇ ಕರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಮನೆ ಪಾಠಕ್ಕೆ ತಿಂಗಳ ಲೆಕ್ಕದಲ್ಲಿ ಒಪ್ಪಿಕೊಳ್ಳುವಾಗ ಎರಡು ಮಾತು ಕೇಳಿಕೊಳ್ಳಿ. ತಿಂಗಳಿಗೆ ಎಷ್ಟು ಕ್ಲಾಸು, ಮಳೆಗೆ ತಪ್ಪಿದ ಕ್ಲಾಸು ಮತ್ತೆ ನಡೆಯುತ್ತದಾ? ಇಪ್ಪತ್ತರ ಬದಲು ಹದಿನಾಲ್ಕು ಕ್ಲಾಸು ನಡೆದರೆ ನಿಮ್ಮ 150 ರೂಪಾಯಿ ಸದ್ದಿಲ್ಲದೆ 214 ಆಗಿರುತ್ತದೆ. ಕ್ಯಾಲೆಂಡರಿನಲ್ಲಿ ಬಂದ ದಿನಕ್ಕೆ ಒಂದು ಗೀಟು ಹಾಕಿಡಿ, ಹೊರಡುವ ಹೊತ್ತನ್ನೂ ಬರೆಯಿರಿ. ಮುಕ್ಕಾಲು ಗಂಟೆಗೇ ಎದ್ದು ಹೋಗುವವರೂ ಇರುತ್ತಾರೆ.

– ಸಂಪಾದಕ