ಅಂಗೀಕಾರ ಪತ್ರ ಬಂದಿದೆ, ಸೀಲು ಹಾಕಿಸಿಕೊಳ್ಳಬೇಕಾ?

ಪ್ರಶ್ನೆ: ಜೂನ್ 3ಕ್ಕೆ ಮೇಲ್‌ನಲ್ಲಿ ರಾಜೀನಾಮೆ ಕೊಟ್ಟೆ, ನೋಟಿಸ್ ಪೀರಿಯಡ್ 60 ದಿನ. 10ನೇ ತಾರೀಖು ಎಚ್‌ಆರ್‌ನಿಂದ ಅಂಗೀಕಾರ ಪತ್ರ ಬಂತು. ಆಗಸ್ಟ್ 8 ಕೊನೆಯ ದಿನ, ಹ್ಯಾಂಡೋವರ್, ಕ್ಲಿಯರೆನ್ಸ್ ಮುಗಿಸಿದ ಮೇಲೆ ರಿಲೀವ್ ಮಾಡ್ತೀವಿ ಅಂತ ಇದೆ. ಸಹಿ, ಸೀಲು ಇಲ್ಲ. ಸೀಲು ಹಾಕಿಸಿ ಹಾರ್ಡ್ ಕಾಪಿ ಕೇಳ್ಲಾ?

ಸೀಲು ಬಿಡಿ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೂ ಮಾನ್ಯತೆ ಕೊಟ್ಟಿದೆ, ಕಂಪನಿ ಐಡಿಯಿಂದ ಬಂದ ಮೇಲ್ ಸಾಕು. ಆ ಪತ್ರವನ್ನು ಈಗಲೇ ಇಳಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಯಾಕಂದ್ರೆ ಕೊನೆಯ ದಿನ ಸಂಜೆ ನಿಮ್ಮ ಕಂಪನಿ ಮೇಲ್ ಐಡಿ ಬಂದ್ ಆಗುತ್ತೆ. ನನ್ನ ಎದೆ ಧಸಕ್ಕೆಂದಿದ್ದು "ಮುಗಿಸಿದ ಮೇಲೆ ರಿಲೀವ್" ಅನ್ನೋ ಮಾತು ಓದಿ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್‌ನಲ್ಲಿದ್ದೆ, ವೆಂಡರ್‌ಗಳ ಬಿಲ್ಲು ನೋಡ್ಕೊಳ್ಳೋ ಕೆಲಸ. ನನ್ನ ಪತ್ರದಲ್ಲೂ ಇದೇ ಷರತ್ತಿತ್ತು. ಜೊತೆಗೆ, "ವಿಭಾಗದ ಮುಖ್ಯಸ್ಥರು ಸೂಚಿಸುವವರಿಗೆ ಕೆಲಸ ಹಸ್ತಾಂತರಿಸತಕ್ಕದ್ದು" ಅಂತ. ಯಾರಿಗೆ, ಯಾವಾಗಿಂದ, ಏನೇನು ಅನ್ನೋದು ಒಂದೂ ಇರಲಿಲ್ಲ. ನಾನು "ಥ್ಯಾಂಕ್ಯೂ" ಅಂತ ಉತ್ತರ ಬರೆದು ಸುಮ್ಮನಾದೆ.

ನನಗೆ ದುಬಾರಿಯಾಗಿದ್ದು ಅದೊಂದೇ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ಉತ್ತರದಿಂದ ನಾನು ಷರತ್ತನ್ನ ಒಪ್ಪಿದ ಹಾಗಾಯ್ತು, ಆದರೆ ಅದನ್ನ ಪೂರೈಸೋದು ನನ್ನ ಕೈಯಲ್ಲಿರಲಿಲ್ಲ. ಕೆಲಸ ತಗೊಳ್ಳೋರನ್ನ ಕೊಡಬೇಕಾದವರು ಮ್ಯಾನೇಜರ್. ಊಟದ ಹೊತ್ತಲ್ಲಿ, ಮೀಟಿಂಗ್ ಮುಗಿದ ಮೇಲೆ, ಎಷ್ಟೋ ಸಲ ಕೇಳಿದೆ. "ಕೊಡ್ತೀನಿ ಇರಿ" ಅಂದ್ರು. ಎಲ್ಲಾ ಬಾಯಿಮಾತು. ಕೊನೆಯ ವಾರದಲ್ಲಿ ಹೊಸ ಹುಡುಗನೊಬ್ಬ ಬಂದ. ವೆಂಡರ್‌ಗಳಿಗೆ ಕೊಟ್ಟ ಮುಂಗಡ ಯಾವ ಬಿಲ್ಲಿಗೆ ಹೊಂದುತ್ತೆ ಅನ್ನೋದು ಅಷ್ಟು ದಿನದಲ್ಲಿ ಯಾರಿಗೂ ತಲೆಗೆ ಹತ್ತೋದಲ್ಲ. ಕೊನೆಯ ದಿನ ಐಟಿ, ಅಡ್ಮಿನ್, ಸ್ಟೋರ್ಸ್ ಎಲ್ಲರೂ ನೋ ಡ್ಯೂಸ್ ಫಾರ್ಮಿಗೆ ಸಹಿ ಹಾಕಿದ್ರು. ನಮ್ಮ ಮ್ಯಾನೇಜರ್ ಮಾತ್ರ "ಹ್ಯಾಂಡೋವರ್ ಆಗಿಲ್ಲ" ಅಂತ ಫಾರ್ಮು ಪಕ್ಕಕ್ಕಿಟ್ಟರು. ನಾನು ಕೇಳಿದ್ದಕ್ಕೆ ಒಂದು ಮೇಲೂ ಇರಲಿಲ್ಲ. ರಿಲೀವಿಂಗ್ ಲೆಟರ್ ನಿಂತಿತು, ಫೈನಲ್ ಸೆಟ್ಲ್‌ಮೆಂಟ್ ನಿಂತಿತು. ಹೊಸ ಕಂಪನಿಯವರು ಒಮ್ಮೆ ಸೇರೋ ದಿನ ಮುಂದಕ್ಕೆ ಹಾಕಿದ್ರು, ಆಮೇಲೆ ಆ ಜಾಗಕ್ಕೆ ಬೇರೆಯವರನ್ನ ತಗೊಂಡ್ರು.

ನಿಮ್ಮ ವಿಷಯಕ್ಕೆ ಬಂದ್ರೆ, ತಾರೀಖೇ ನೋಡಿ. ಜೂನ್ 3ನ್ನೂ ಸೇರಿಸಿ ಎಣಿಸಿದ್ರೆ ಜೂನ್‌ನಲ್ಲಿ 28 ದಿನ, ಜುಲೈ 31, ಅಲ್ಲಿಗೆ 59. ಅರವತ್ತನೇ ದಿನ ಆಗಸ್ಟ್ 1. ಅವರು ಪತ್ರ ಕೊಟ್ಟ 10ರಿಂದ ಎಣಿಸಿ ಆಗಸ್ಟ್ 8 ಮಾಡಿದ್ದಾರೆ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಕಲಮು ಓದಿ. ನೋಟಿಸ್ ಕೊಟ್ಟ ದಿನದಿಂದ ಅಂತಿದ್ರೆ ಆ ಒಂದು ವಾರ ನಿಮ್ಮದು, ತಿದ್ದಿಸಿಕೊಳ್ಳಿ. ಅಂಗೀಕಾರವಾದ ದಿನದಿಂದ ಅಂತ ಅಲ್ಲೇ ಬರೆದಿದ್ರೆ ವಾದ ಮಾಡಬೇಡಿ, ಹೊಸ ಕಡೆ ಸೇರೋ ದಿನವನ್ನೇ ಹೊಂದಿಸಿಕೊಳ್ಳಿ.

ತಾರೀಖಿನ ಮಾತು ಸೇರಿಸಿ ಇವತ್ತೇ ಅದೇ ಮೇಲ್‌ಗೆ ಉತ್ತರ ಬರೀರಿ, ಮ್ಯಾನೇಜರ್‌ನ ಸಿಸಿಯಲ್ಲಿ ಹಾಕಿ. ಹ್ಯಾಂಡೋವರ್ ಯಾರಿಗೆ ಕೊಡಬೇಕು, ಅವರ ಹೆಸರನ್ನ ಜುಲೈ ಮೊದಲ ವಾರದೊಳಗೆ ತಿಳಿಸಿ ಅಂತ ಕೇಳಿ. ನಿಮ್ಮ ಕೈಲಿರೋ ಕೆಲಸಗಳ ಪಟ್ಟಿ, ಪ್ರತಿಯೊಂದೂ ಎಲ್ಲಿಗೆ ಬಂದಿದೆ, ಫೈಲ್ ಎಲ್ಲಿದೆ ಅನ್ನೋದನ್ನ ಲಗತ್ತಿಸಿ. ಯಾರೂ ಬರದಿದ್ರೆ ವಾರಕ್ಕೊಮ್ಮೆ ಆ ಪಟ್ಟಿಯನ್ನೇ ಹೊಸದು ಮಾಡಿ ಮ್ಯಾನೇಜರ್‌ಗೆ ಕಳಿಸ್ತಾ ಇರಿ. ಕೆಲಸ ಕಲಿಸಿದ ದಿನವೇ ಕಲಿತವರಿಂದ "ತಗೊಂಡೆ" ಅಂತ ಒಂದು ಸಾಲಿನ ಮೇಲ್ ಹಾಕಿಸಿಕೊಳ್ಳಿ. ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ವಾಪಸ್ ಕೊಟ್ಟಾಗಲೂ ರಸೀದಿ ಇಲ್ಲದೆ ಬರಬೇಡಿ.

ಹಣದ ಬಗ್ಗೆ "45 ದಿನ ಆಗುತ್ತೆ" ಅಂತ ಎಚ್‌ಆರ್ ಹೇಳಬಹುದು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅನ್ನುತ್ತೆ. ಕಲಂ 17 ನೋಡಿ, ಮೇಲ್‌ನಲ್ಲೇ ಉಲ್ಲೇಖಿಸಿ ಕೇಳಿ.

ಇನ್ನು ಪಿಎಫ್. ಕಂಪನಿಯವರು ನೀವು ಬಿಟ್ಟ ತಾರೀಖನ್ನ ಪೋರ್ಟಲ್‌ನಲ್ಲಿ ಹಾಕದೇ ಇದ್ರೆ ಟ್ರಾನ್ಸ್‌ಫರ್ ಸಿಕ್ಕಿಹಾಕಿಕೊಳ್ಳುತ್ತೆ. ಬಿಟ್ಟು ಎರಡು ತಿಂಗಳಾದ ಮೇಲೆ ಯುಎಎನ್ ಲಾಗಿನ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಆದರೆ ಆ ತಾರೀಖು ಕೊನೆಯ ವಂತಿಗೆ ಕಟ್ಟಿದ ತಿಂಗಳಲ್ಲೇ ಇರಬೇಕು, ಒಮ್ಮೆ ಹಾಕಿದ್ರೆ ತಿದ್ದೋದು ಕಷ್ಟ. ಹಾಗಾಗಿ ಪತ್ರದಲ್ಲಿರೋ ಕೊನೆಯ ದಿನಕ್ಕೂ ಪಾಸ್‌ಬುಕ್ಕಿಗೂ ಹೊಂದುತ್ತಾ ಅಂತ ನೋಡಿಕೊಂಡೇ ಹಾಕಿ.