ಬಾಗಿಲ ಹೊರಗಿನ ಕಿವಿಗಳು

"ಸಂಪಾದಕರೇ, ಮುಂದಿನ ತಿಂಗಳು ನನ್ನ ಮದುವೆ. ಹುಡುಗಿ ಅರಕಲಗೂಡು ಕಡೆಯವಳು. ನೋಡಿದ್ದು ಎರಡು ಸಲ, ಫೋನಲ್ಲಿ ಮಾತಾಡಿದ್ದು ಐದಾರು ಸಲ. ಧಾರೆಯ ರಾತ್ರಿಯೇ ಪ್ರಸ್ತ ಅಂತ ದೊಡ್ಡಮ್ಮ ಗೊತ್ತು ಮಾಡಿದ್ದಾರೆ. ಗೆಳೆಯರು ಯಾವುದೋ ಮಾತ್ರೆ ತಂದುಕೊಟ್ಟಿದ್ದಾರೆ. ಎಡವಟ್ಟಾದರೆ ಮುಖ ತೋರಿಸೋದು ಹೇಗೆ?"
— ಹೆಸರು ಬೇಡ, ಬೇಲೂರು

ನೆಂಟರಿರುವಾಗಲೇ ಶಾಸ್ತ್ರವೆಲ್ಲ ಮುಗಿದುಬಿಡಲಿ ಎಂಬ ದೊಡ್ಡಮ್ಮನ ಆಸೆ ತಪ್ಪಲ್ಲ, ಬಿಡಿ. ಆದರೆ ಯಾವ ಶಾಸ್ತ್ರ? ಆಪಸ್ತಂಬ ಗೃಹ್ಯಸೂತ್ರದ ಪ್ರಕಾರ ಮದುವೆಯಾದ ಮೂರು ರಾತ್ರಿ ದಂಪತಿಗಳು ನೆಲದ ಮೇಲೆ, ಬ್ರಹ್ಮಚರ್ಯದಲ್ಲಿ ಮಲಗಬೇಕು. ನಡುವೆ ಗಂಧ ಪೂಸಿ ಬಟ್ಟೆ ಸುತ್ತಿದ ಒಂದು ಕೋಲು. ಕಾಮಸೂತ್ರದ ವಾತ್ಸ್ಯಾಯನನೂ ಮೂರು ರಾತ್ರಿ ಕಾಯಲು ಹೇಳಿ, ಆಮೇಲೂ ಮೊದಲು ಅವಳ ವಿಶ್ವಾಸ ಗಳಿಸು, ಬಲವಂತ ಬೇಡ ಅನ್ನುತ್ತಾನೆ. ನಾವು ಆ ಕೋಲು ಎತ್ತಿಟ್ಟು ಹಾಲಿನ ಲೋಟ ತಂದಿಟ್ಟೆವು.

ಹಿಂದಿನ ರಾತ್ರಿ ರಿಸೆಪ್ಷನ್ನಲ್ಲಿ ಹನ್ನೊಂದರವರೆಗೆ ನಿಂತು, ನಸುಕಿಗೆ ಎದ್ದು ಹಸೆಮಣೆಗೆ ಕೂತ ದೇಹ ನಿಮ್ಮದು. ಜೊತೆಗೆ ಗಾಬರಿಯೂ ಸೇರಿದರೆ ಅಡ್ರಿನಲಿನ್ ಏರಿ ರಕ್ತನಾಳಗಳು ಬಿಗಿಯುತ್ತವೆ, ನಿಮಿರುವಿಕೆ ಕೈಕೊಡುತ್ತದೆ. ಬೆಳಗ್ಗೆ ಏಳುವಾಗ ಅದು ಎಂದಿನಂತೆ ಇದ್ದರೆ ಸಾಮಾನ್ಯವಾಗಿ ದೇಹದಲ್ಲಿ ಕೊರತೆಯಿಲ್ಲ ಎಂದೇ ಲೆಕ್ಕ. ಮಾತ್ರೆ ಗಾಬರಿಯನ್ನು ಇಳಿಸುವುದಿಲ್ಲ. ವೈದ್ಯರು ಬರೆದುಕೊಡದ ಮಾತ್ರೆ ಗೆಳೆಯರಿಗೇ ವಾಪಸ್ ಹೋಗಲಿ.

ಒಂದು ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಪತ್ರದ ತುಂಬ ನಿಮ್ಮ ಮುಖದ್ದೇ ಚಿಂತೆ. ಆ ಹುಡುಗಿಯ ಭಯಕ್ಕೆ ಒಂದು ಸಾಲೂ ಇಲ್ಲ. ಹೆದರಿದಾಗ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ಅದು ಅವಳ ಹಿಡಿತದಲ್ಲಿಲ್ಲ. ನೋವಾದರೆ ಅಲ್ಲಿಗೇ ನಿಲ್ಲಿಸಿ. ಮುಂದುವರಿದರೆ ಮರುಸಲ ಇನ್ನಷ್ಟು ಬಿಗಿಯುತ್ತದೆ. ಮೊದಲ ಸಲ ರಕ್ತ ಬರದ ಹೆಣ್ಣುಮಕ್ಕಳು ಎಷ್ಟೋ ಇದ್ದಾರೆ, ಆದರೂ ಹಾಸಿಗೆಯ ಬಟ್ಟೆ ನೋಡುವ ಚಪಲ ನಮ್ಮವರಿಗೆ ಹೋಗಿಲ್ಲ. ಬೀಗರೂಟಕ್ಕೆ ಎಷ್ಟು ಕುರಿ ಅಂತ ಮೂರು ದಿನ ಚರ್ಚಿಸುವ ಮನೆಗಳಲ್ಲಿ, ಹುಡುಗ ಹುಡುಗಿ ಅರ್ಧ ಗಂಟೆ ಒಂಟಿಯಾಗಿ ಮಾತಾಡಿದರೆ ಎಲ್ಲರೂ ಕೆಮ್ಮುತ್ತಾರೆ!

ಈ ವಾರವೇ ಫೋನ್ ಮಾಡಿ. "ಆ ರಾತ್ರಿ ಬರೀ ನಿದ್ದೆ ಮಾಡೋಣ, ಮಿಕ್ಕಿದ್ದು ಇಬ್ಬರಿಗೂ ಬೇಕನ್ನಿಸಿದಾಗ" ಅನ್ನಿ. ಕೋಣೆಯೊಳಗೆ ಹೋದಮೇಲೆ "ಪರವಾಗಿಲ್ವಾ?" ಅಂತ ಕೇಳಿದರೆ, ಹೊಸ ಮನೆಯಲ್ಲಿ, ಹೊರಗೆ ನೆಂಟರಿರುವಾಗ, ಬೇಡ ಅನ್ನಲು ಅವಳಿಗೆ ಬಾಯಿ ಬರುತ್ತದೆಯೇ? ತಿಂಗಳುಗಳು ಕಳೆದು, ಇಬ್ಬರಿಗೂ ಮನಸ್ಸಿದ್ದೂ ಆಗದಿದ್ದರೆ ಹಾಸನಕ್ಕೆ ಬಂದು ಸ್ತ್ರೀರೋಗ ತಜ್ಞರನ್ನೋ ಮನೋವೈದ್ಯರನ್ನೋ ಇಬ್ಬರೂ ಒಟ್ಟಿಗೆ ಕಾಣಿ. ವಾಸಿಯಾಗುವಂಥದ್ದೇ ಅದು.

ನನ್ನ ಮದುವೆ ಸಕಲೇಶಪುರದಲ್ಲಿ, ಜಡಿಮಳೆಯಲ್ಲಿ ಆಯಿತು. ಆ ರಾತ್ರಿ ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ: ಅವಳ ಮೊಗ್ಗಿನ ಜಡೆಯ ಪಿನ್ನು ಕೀಳುವುದು. ನಾನು ಕಿತ್ತು ಕೊಟ್ಟೆ, ಅವಳು ಹಾಲಿನ ಲೋಟದ ತಟ್ಟೆಗೆ ಹಾಕುತ್ತಾ ಎಣಿಸಿದಳು. ನಲವತ್ತಮೂರು. ಎಣಿಕೆ ಮುಗಿಯುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿತ್ತು. ಬೆಳಗ್ಗೆ ಸೋದರತ್ತೆ ಕಣ್ಣು ಮಿಟುಕಿಸಿ "ಏನಪ್ಪಾ?" ಅಂದರು. "ನಲವತ್ತಮೂರು" ಅಂದೆ. ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.