ರಿಂಗ್ ಬದಲಾಯಿಸಿದರೂ ಮಿಕ್ಸಿ ಜಾರ್ ತಳದಿಂದ ಸೋರ್ತಿದೆ, ಏನು ಮಾಡೋದು?

ಪ್ರಶ್ನೆ: ನಮ್ಮದು ಕೋಲಾರ. ಮಿಕ್ಸಿಯ ದೊಡ್ಡ ಜಾರ್ ತಳದಿಂದ ಸೋರ್ತಿತ್ತು, ಅಂಗಡಿಯಲ್ಲಿ ಹೊಸ ರಬ್ಬರ್ ರಿಂಗ್ ಹಾಕಿಸಿದೆ. ಎರಡೇ ವಾರಕ್ಕೆ ಮತ್ತೆ ಶುರು. ಬ್ಲೇಡ್ ಕೂಡ ಸ್ವಲ್ಪ ಅಲ್ಲಾಡುತ್ತೆ. ಜಾರೇ ಹೊಸದು ತಗೋಬೇಕಾ?

ಉತ್ತರ: ಜಾರ್ ಈಗಲೇ ಬಿಸಾಡಬೇಡಿ. ನೀವು ಹೇಳೋದು ನೋಡಿದರೆ ತಪ್ಪು ರಿಂಗಿನದಲ್ಲ, ಬುಶ್‌ನದು.

ಜಾರ್ ತಳದಲ್ಲಿ ನೀರು ಇಳಿಯೋಕೆ ಎರಡು ದಾರಿ ಇದೆ. ತಳದ ಮಧ್ಯದ ತೂತಿನಲ್ಲಿ ಬುಶ್ ಅನ್ನೋ ಸಣ್ಣ ಲೋಹದ ಕೊಳವೆ ಕೂತಿರುತ್ತೆ. ಬುಶ್‌ಗೂ ಜಾರ್ ತಳಕ್ಕೂ ನಡುವೆ ಇರೋದು ರಿಂಗ್, ಅದು ತಿರುಗಲ್ಲ, ಸುಮ್ಮನೆ ಅದುಮಿಕೊಂಡು ಕೂತಿರುತ್ತೆ. ಬುಶ್ ಒಳಗೆ ತಿರುಗೋದು ಬ್ಲೇಡಿನ ಶಾಫ್ಟ್. ಬುಶ್ ಸವೆದು ಶಾಫ್ಟ್‌ಗೆ ಜಾಗ ಜಾಸ್ತಿಯಾದರೆ ಆ ಸಂದಿಯಿಂದ ನೀರು ಇಳಿಯುತ್ತೆ. ಜೊತೆಗೆ ಬ್ಲೇಡ್ ಗಿರ್ರನೆ ಅದುರಿ ರಿಂಗನ್ನೂ ಹಾಳು ಮಾಡುತ್ತೆ. ಹೊಸ ರಿಂಗ್ ಎರಡೇ ವಾರಕ್ಕೆ ಸೋತಿದ್ದು ಬಹುಶಃ ಅದಕ್ಕೇ.

ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡಿ. ಜಾರ್ ಹೊರಗೆಲ್ಲ ಒರೆಸಿ, ಎರಡು ಲೋಟ ನೀರು ಹಾಕಿ, ಹಳೇ ಪೇಪರ್ ಮೇಲೆ ಹದಿನೈದು ನಿಮಿಷ ಇಡಿ. ಓಡಿಸದೇ ಪೇಪರ್ ಚೆನ್ನಾಗಿ ನೆಂದರೆ ರಿಂಗ್ ಅಥವಾ ಅದನ್ನು ಬಿಗಿದ ನಟ್ ಮೇಲೆ ಅನುಮಾನ. ಪೇಪರ್ ಒಣಗಿದ್ದು, ರುಬ್ಬಿದಾಗ ಮಾತ್ರ ಸೋರಿದರೆ ಬುಶ್. ಆಮೇಲೆ ನೀರು ಚೆಲ್ಲಿ ಬ್ಲೇಡನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಒಂಚೂರು ಆಡಿದರೆ ಪರವಾಗಿಲ್ಲ. ಅಕ್ಕಪಕ್ಕಕ್ಕೆ ಟಕ್ ಟಕ್ ಅಂತ ಆಡಿದರೆ ಬುಶ್ ಮುಗಿದಿದೆ. ಬ್ಲೇಡಿನ ಜೊತೆ ಬುಶ್ಶೂ ಅಲ್ಲಾಡಿದರೆ ಕೆಳಗಿನ ನಟ್ ಸಡಿಲ, ಅಷ್ಟೇ. ಚಟ್ನಿಯಲ್ಲಿ ಕಪ್ಪು ಗೆರೆ ಕಂಡರೆ ಅದು ಸವೆದ ಲೋಹದ ಪುಡಿ, ಆ ಜಾರ್‌ನಲ್ಲಿ ರುಬ್ಬೋದು ಆಗಲೇ ನಿಲ್ಲಿಸಿ.

ಬಿಚ್ಚುವಾಗ ಜನ ಸೋಲೋದು ಕಪ್ಲರ್ ಹತ್ತಿರ, ಅಂದರೆ ಜಾರ್ ತಳದಲ್ಲಿ ಮೋಟಾರಿಗೆ ಸಿಕ್ಕಿಕೊಳ್ಳೋ ಹಲ್ಲಿನ ಬಿಲ್ಲೆ ಹತ್ತಿರ. ತಪ್ಪು ಕಡೆ ತಿರುಗಿಸಿ ತಿರುಗಿಸಿ ಅದರ ಹಲ್ಲು ಮುರೀತಾರೆ. ಮಿಕ್ಸಿ ಮೇಲೆ ಜಾರ್ ಇಲ್ಲದೆ ಒಂದು ಸೆಕೆಂಡ್ ಆನ್ ಮಾಡಿ, ಆಫ್ ಆದಮೇಲೆ ಮೋಟಾರಿನ ಕಪ್ಲರ್ ಯಾವ ಕಡೆ ತಿರುಗಿ ನಿಲ್ಲುತ್ತೆ ಅಂತ ಮೇಲಿಂದ ನೋಡಿ, ಪ್ಲಗ್ ತೆಗೆದುಬಿಡಿ. ಜಾರನ್ನು ಬೋರಲು ಹಾಕಿದಾಗ ಅದರ ಕಪ್ಲರ್ ಬಿಚ್ಚಿಕೊಳ್ಳೋದೂ ಅದೇ ಕಡೆಗೆ. ಓಡುವಾಗ ಮೋಟಾರ್ ಅದನ್ನು ಬಿಗಿಯೋ ಕಡೆಗೇ ನೂಕುತ್ತೆ, ಬೋರಲು ಹಾಕಿದಾಗ ಆ ದಿಕ್ಕು ನಮಗೆ ಉಲ್ಟಾ ಕಾಣುತ್ತೆ, ಅದಕ್ಕೇ ಹೀಗೆ. ಒಳಗಿನ ಬ್ಲೇಡನ್ನು ಬಟ್ಟೆಯಲ್ಲಿ ಅಲುಗದಂತೆ ಹಿಡಿದು ತಿರುಗಿಸಿ. ವಾಷರ್‌ಗಳು ಯಾವ ಕ್ರಮದಲ್ಲಿ ಬಂದವು ಅಂತ ಫೋಟೋ ತೆಗೆದುಕೊಳ್ಳಿ.

ಶಾಫ್ಟ್ ಒರೆಸಿ ಉಗುರು ಓಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಬುಶ್ ಒಂದೇ ಬದಲಾಯಿಸಿ ಪ್ರಯೋಜನವಿಲ್ಲ, ಶಾಫ್ಟ್ ಸಮೇತ ಬ್ಲೇಡ್ ಸೆಟ್ ತಗೊಳ್ಳಿ. ನಮ್ಮ ಕಡೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಬುಶ್ ಸುತ್ತ ಕಟ್ಟಿರುತ್ತೆ. ಬಸ್ಸಾರಿಗೆ ರುಬ್ಬಿದ ಹುಣಸೆ, ಉಪ್ಪು, ಖಾರ ಅದರಲ್ಲಿ ಸೇರಿ ಒಣಗಿದರೆ ಮರಳು ಕಾಗದದ ಥರ ಕೆಲಸ ಮಾಡುತ್ತೆ. ವಿನೆಗರ್ ಹಾಕಿ ಹಳೇ ಬ್ರಶ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಆ ಸುಣ್ಣದ ಮೇಲೆ ಹೊಸ ರಿಂಗ್ ಕೂರಿಸಿದರೆ ಮೊದಲ ದಿನವೇ ಸೋರುತ್ತೆ.

ಅಂಗಡಿಗೆ ಜಾರನ್ನೇ ತಗೊಂಡು ಹೋಗಿ. ರಿಂಗಿನ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಹೊಂದಬೇಕು. ದಪ್ಪ ಜಾಸ್ತಿ ಇದ್ದರೆ ಒಳ್ಳೇದು ಅನ್ನೋದು ತಪ್ಪು, ನಟ್ ಹಿಡಿಯೋಕೆ ಥ್ರೆಡ್ ಸಿಗಲ್ಲ. ನಟ್ ಕೈಯಲ್ಲಿ ಬಿಗಿದು, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಅದಕ್ಕಿಂತ ಜಾಸ್ತಿ ಬಿಗಿದರೆ ರಿಂಗ್ ಹೊರಗೆ ಹಿಸುಕಿಕೊಂಡು ಸೀಳುತ್ತೆ. ಶಾಫ್ಟ್‌ಗೆ ಒಂದು ಹನಿ ಅಡುಗೆ ಎಣ್ಣೆ ಸಾಕು, ಹೊಲಿಗೆ ಮಿಶಿನ್ ಎಣ್ಣೆ ಬೇಡ. ಸೋರೋ ಕಡೆ ಅಂಟು ಮೆತ್ತೋದಂತೂ ಬೇಡವೇ ಬೇಡ: ಅದು ಊಟಕ್ಕೆ ಸೇರುತ್ತೆ, ಮುಂದೆ ಬಿಚ್ಚೋಕೂ ಆಗಲ್ಲ.

ಕಪ್ಲರ್ ಹಲ್ಲು ಸವೆದಿದ್ದರೆ ಅದನ್ನೂ ಈಗಲೇ ಹಾಕಿಸಿ, ಇಲ್ಲದಿದ್ದರೆ ಎಳೆದಾಡಿ ಹೊಸ ಬುಶ್ ಬೇಗ ಹೋಗುತ್ತೆ. ಜೋಡಿಸಿದ ಮೇಲೆ ಮತ್ತೆ ಪೇಪರ್ ಪರೀಕ್ಷೆ, ಅದಾದಮೇಲೆ ಬರೀ ನೀರು ಹಾಕಿ ಕಡಿಮೆ ವೇಗದಲ್ಲಿ ಅರ್ಧ ನಿಮಿಷ ಓಡಿಸಿ ನೋಡಿ.

ಕೆಲವು ಜಾರ್‌ಗಳಲ್ಲಿ ಬುಶ್ ತಳಕ್ಕೇ ಒತ್ತಿ ಕೂರಿಸಿರುತ್ತಾರೆ, ನಟ್ ಇರಲ್ಲ. ಅದೂ, ಪ್ಲಾಸ್ಟಿಕ್ ತಳ ಕೂದಲೆಳೆಯಷ್ಟು ಬಿರುಕು ಬಿಟ್ಟಿರೋದೂ ಮನೆಯಲ್ಲಿ ಸರಿಹೋಗಲ್ಲ. ಆಗ ಮಾತ್ರ ಹೊಸ ಜಾರ್. ರಿಪೇರಿ ಆಗೋವರೆಗೆ ಇದರಲ್ಲಿ ದೋಸೆ ಹಿಟ್ಟು ರುಬ್ಬಬೇಡಿ. ಸೋರಿದ ನೀರು ಕಪ್ಲರ್ ಮೂಲಕ ಮೋಟಾರಿನ ಒಳಗೆ ಇಳಿದರೆ ಶಾಕ್ ಹೊಡೀಬಹುದು, ಮೋಟಾರೂ ಸುಡಬಹುದು.